ಖಾಲಿ ಕೋಣೆ, ತುಂಬಿದ ಸಾಮಾನು: ವಸ್ತುಗಳಿಂದ ಪಾತ್ರದ ಹಿಂದಿನ ಬದುಕು ಕಟ್ಟುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಥೆ ಬರೆಯುವವರಿಗೆ, ರಂಗಸಜ್ಜಿಕೆ ಮಾಡುವವರಿಗೆ, ಕಂಪ್ಯೂಟರ್ ಆಟಗಳಿಗೆ ದೃಶ್ಯ ಕಟ್ಟುವವರಿಗೆ ನಾನು ಕೊಡುವ ಅಭ್ಯಾಸ ಒಂದೇ. ಒಂದು ಕೋಣೆ ಇದೆ, ಅದರಲ್ಲಿ ಯಾರೂ ಇಲ್ಲ. ಅಲ್ಲಿ ಇರುವವರು ಯಾರು, ಅವರ ಬದುಕಿನಲ್ಲಿ ಏನು ನಡೆದುಹೋಗಿದೆ ಎಂಬುದು ಸಾಮಾನು ಸರಂಜಾಮಿನಿಂದಲೇ ತಿಳಿಯಬೇಕು. ಈ ಅಭ್ಯಾಸದ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಕೆಲವಕ್ಕೆ ಉದ್ದವಾಗಿ, ಕೆಲವಕ್ಕೆ ಒಂದೆರಡು ಮಾತಿನಲ್ಲಿ.

ಇದು ಯಾರು ಶುರು ಮಾಡಿದ್ದು?

ಖಾಲಿ ರಂಗದ ಮೇಲೆ ಒಂದು ಊರುಗೋಲು ಇಟ್ಟು ಮುದುಕನೊಬ್ಬ ಇದ್ದಾನೆಂದು ಸೂಚಿಸುವುದು ನಾಟಕದವರಿಗೆ ಹೊಸದೇನಲ್ಲ. ಆದರೆ ಇದಕ್ಕೊಂದು ಹೆಸರು ಕೊಟ್ಟು ಚರ್ಚೆ ನಡೆದದ್ದು ಕಂಪ್ಯೂಟರ್ ಆಟಗಳ ಜಗತ್ತಿನಲ್ಲಿ. ಡಿಸ್ನಿಯ ಮನರಂಜನಾ ಉದ್ಯಾನಗಳಿಗೆ ವಿನ್ಯಾಸ ಮಾಡಿದ್ದ ಡಾನ್ ಕಾರ್ಸನ್ ಅವರು 2000ದಲ್ಲಿ ಬರೆದ ಲೇಖನವೊಂದರಲ್ಲಿ, ಉದ್ಯಾನದಲ್ಲಿ ಜಾಗವೇ ಕಥೆ ಹೇಳುವ ಕ್ರಮವನ್ನು ಆಟಗಳಿಗೂ ತರಬಹುದು ಎಂದರು. 2010ರಲ್ಲಿ ಆಟ ತಯಾರಕರ ಸಮ್ಮೇಳನವೊಂದರಲ್ಲಿ ಹಾರ್ವೆ ಸ್ಮಿತ್ ಮತ್ತು ಮಥಾಯಸ್ ವೋರ್ಚ್ ಇದೇ ವಿಷಯದ ಮೇಲೆ ಮಾತನಾಡಿದರು. ಅವರು ಇಟ್ಟ ಶೀರ್ಷಿಕೆ ‘ಇಲ್ಲಿ ಏನಾಯಿತು?’ ಎಂಬ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ವಿದ್ಯೆ ಆ ಪ್ರಶ್ನೆಯಲ್ಲಿದೆ. ಕೋಣೆಯನ್ನು ನೋಡಿದವರ ಬಾಯಲ್ಲಿ ಅದು ಬಂದರೆ ಅರ್ಧ ಕೆಲಸ ಆದಂತೆ. ಇನ್ನರ್ಧ, ಉತ್ತರ ಅವರಿಗೇ ಹೊಳೆಯುವಂತೆ ಮಾಡುವುದು.

ಪ್ರಾಂಪ್ಟ್, ಅಂದರೆ ಅಭ್ಯಾಸಕ್ಕೆ ಕೊಡುವ ಸೂಚನೆ, ಬರೆಯುವುದು ಹೇಗೆ? ‘ಒಬ್ಬ ಒಂಟಿ ಮುದುಕನ ಕೋಣೆ’ ಎಂದರೆ ಸಾಲದೇ?

ಸಾಲದು. ಆ ಸಾಲು ಓದಿದ ಹತ್ತು ಜನರಲ್ಲಿ ಒಂಬತ್ತು ಮಂದಿ ಗೋಡೆಗೆ ಹೆಂಡತಿಯ ಫೋಟೊ, ಫೋಟೊಕ್ಕೆ ಒಣಗಿದ ಹಾರ, ಮೇಜಿನ ಮೇಲೆ ನಿಂತ ಗಡಿಯಾರ ಇಡುತ್ತಾರೆ. ಒಂಟಿತನ ಒಂದು ಸ್ಥಿತಿ. ಸ್ಥಿತಿಯಿಂದ ವಸ್ತು ಹುಟ್ಟುವುದಿಲ್ಲ. ಕೆಲಸದಿಂದ ಹುಟ್ಟುತ್ತದೆ, ಘಟನೆಯಿಂದ ಹುಟ್ಟುತ್ತದೆ.

ಆದ್ದರಿಂದ ನಾನು ಮೂರು ಸಂಗತಿಗಳನ್ನು ಕೇಳುತ್ತೇನೆ. ಈ ವ್ಯಕ್ತಿಯ ಕೈ ಬಹುಕಾಲ ಏನು ಮಾಡುತ್ತಿತ್ತು? ಇತ್ತೀಚೆಗೆ ನಡೆದ, ಅಥವಾ ನಡೆಯಬೇಕಾಗಿದ್ದು ನಡೆಯದೇ ಹೋದ ಒಂದು ಘಟನೆ ಯಾವುದು? ಮೂರನೆಯದು ವಿಚಿತ್ರವಾಗಿ ಕೇಳಿಸಬಹುದು: ಕೋಣೆ ಏನನ್ನು ಹೇಳಬಾರದು? ಹೇಳಬಾರದ್ದನ್ನು ಮೊದಲೇ ನಿರ್ಧರಿಸದಿದ್ದರೆ ಎಲ್ಲವನ್ನೂ ವಿವರಿಸುವ ಚಪಲಕ್ಕೆ ಬಿದ್ದು, ಕೊನೆಗೆ ದಿಂಬಿನ ಕೆಳಗೆ ಒಂದು ದಿನಚರಿ ಇಡುವುದು ಖಂಡಿತ.

ಒಂದು ಪೂರ್ತಿ ಉದಾಹರಣೆ ಕೊಡಬಹುದೇ?

ಕೊಡುತ್ತೇನೆ. ನಾನು ಹೆಚ್ಚು ಬಳಸಿರುವ ಪ್ರಾಂಪ್ಟ್ ಇದು:

‘2012ರ ಬೇಸಿಗೆ. ಗದಗಿನಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಎಪ್ಪತ್ತರ ಹಿರಿಯರು, ಮೂವತ್ತು ವರ್ಷ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು. ಮೊಮ್ಮಗಳ ಮದುವೆಗೆ ಹೊರಡಲು ಸಿದ್ಧರಾಗಿದ್ದರು, ಹೋಗಲಿಲ್ಲ. ಮಗನಿಗೂ ಅವರಿಗೂ ಯಾಕೆ ಕೆಟ್ಟಿತು ಎಂಬುದನ್ನು ಕೋಣೆ ಹೇಳಬಾರದು.’

ಗದಗವನ್ನು ಸುಮ್ಮನೆ ಆರಿಸಿದ್ದಲ್ಲ. ಮುದ್ರಣ ಕಾಶಿ ಎಂದೇ ಹೆಸರಾದ ಊರು ಅದು. ಅಲ್ಲಿ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆಯ್ದು ಪುಟ ಕಟ್ಟಿದ ಕೈಗಳು ಬಹಳ. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕಾಲ ಬಂದ ಮೇಲೆ ಆ ಕೈಗಳಿಗೆ ಕೆಲಸವಿಲ್ಲದಾಯಿತು.

ಈಗ ಕೈ ಏನು ಮಾಡುತ್ತಿತ್ತು ಎಂಬುದನ್ನು ನೋಡೋಣ. ಮೊಳೆ ಜೋಡಿಸುವ ಕಂಪೋಸಿಟರ್ ನಿಂತೇ ಕೆಲಸ ಮಾಡುತ್ತಾರೆ. ಎಡಗೈಯಲ್ಲಿ ಸಾಲು ಜೋಡಿಸಿಕೊಳ್ಳುವ ಕಂಪೋಸಿಂಗ್ ಸ್ಟಿಕ್, ಬಲಗೈ ಮುಂದಿನ ಕೇಸು ಎಂಬ ತಟ್ಟೆಯ ಖಾನೆಗಳಿಂದ ಮೊಳೆ ಹೆಕ್ಕುತ್ತದೆ. ಪದೇ ಪದೇ ಬೇಕಾಗುವ ಅಕ್ಷರಗಳ ಖಾನೆ ಕೈಗೆ ಹತ್ತಿರ, ಅಪರೂಪದವು ಅಂಚಿಗೆ. ಕನ್ನಡಕ್ಕೆ ಒತ್ತಕ್ಷರ, ಗುಣಿತಾಕ್ಷರ ಎಲ್ಲ ಸೇರಿ ಖಾನೆಗಳು ಇಂಗ್ಲಿಷಿಗಿಂತ ಬಹಳ ಹೆಚ್ಚು. ಅಚ್ಚಾದ ಮೇಲೆ ಪುಟ ಬಿಚ್ಚಿ ಪ್ರತಿ ಮೊಳೆಯನ್ನೂ ಅದರದರ ಖಾನೆಗೇ ಹಾಕಬೇಕು, ಇಲ್ಲದಿದ್ದರೆ ನಾಳೆಯ ಸಾಲಿನಲ್ಲಿ ತಪ್ಪು.

ಇಂಥವರ ಕೋಣೆಯಲ್ಲಿ ಕಿಟಕಿ ಪಕ್ಕದ ಮೇಜಿನ ಕಾಲುಗಳ ಕೆಳಗೆ ಇಟ್ಟಿಗೆಗಳಿವೆ. ಮೇಜು ಹೊಟ್ಟೆಯ ಎತ್ತರಕ್ಕಿಂತ ಮೇಲೆ ಬಂದಿದೆ. ಅದರ ಮುಂದೆ ಕುರ್ಚಿಯಿಲ್ಲ, ಹಾಸಿದ ಗೋಣಿತಟ್ಟು ಎರಡು ಪಾದಗಳ ಜಾಗದಲ್ಲಿ ಮಾತ್ರ ಸವೆದಿದೆ. ಕುರ್ಚಿ ಇರುವುದು ಮೂಲೆಯಲ್ಲಿ, ಒಗೆದ ಬಟ್ಟೆ ಹೊತ್ತುಕೊಂಡು. ಮೇಜಿನ ಮೇಲೆ ಒಂದು ಮಿಠಾಯಿ ಡಬ್ಬಿ. ರಟ್ಟಿನ ಪಟ್ಟಿ ಕತ್ತರಿಸಿ ಅದರೊಳಗೆ ಚಿಕ್ಕ ಚಿಕ್ಕ ಖಾನೆ ಮಾಡಿದ್ದಾರೆ. ರಕ್ತದೊತ್ತಡದ ಮಾತ್ರೆ ನಟ್ಟನಡುವೆ, ಅದರ ಪಕ್ಕ ಗುಂಡಿ, ಟಾಚಣಿ. ದೂರದ ಅಂಚಿನಲ್ಲಿ ವರ್ಷಕ್ಕೊಮ್ಮೆ ಬೇಕಾಗುವ ಫ್ಯೂಸ್ ತಂತಿ. ಕಿಟಕಿಯ ಬಾಗಿಲು ಗಾಳಿಗೆ ಬಡಿಯದಂತೆ ಸಂದಿಗೆ ಏನನ್ನೋ ಸಿಕ್ಕಿಸಿದ್ದಾರೆ. ಹತ್ತಿರ ಹೋದರೆ ಅದೊಂದು ಸೀಸದ ಮೊಳೆ, ತುದಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಿರುಗಿದ ಒಂದು ‘ಳ’.

ಮಂಚದ ಕೆಳಗೆ ಹಳೆಯ ಪತ್ರಿಕೆಗಳ ಕಟ್ಟು, ತಾರೀಖಿನ ಪ್ರಕಾರ ಜೋಡಿಸಿದ್ದು. ಪ್ರತಿ ಪತ್ರಿಕೆಯಲ್ಲೂ ಮುದ್ರಣದೋಷ ಸಿಕ್ಕಲ್ಲಿ ಕೆಂಪು ಪೆನ್ನಿನ ಗುರುತು, ನಾಲ್ಕೋ ಐದೋ. ಒಂದು ದಿನದ ಪತ್ರಿಕೆಯಲ್ಲಿ ಮಾತ್ರ ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಸಣ್ಣ ಜಾಹೀರಾತನ್ನೂ ಬಿಡದೆ, ಅಂಚಿನ ತುಂಬ ಕೆಂಪು.

ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿದ ಕೈಚೀಲದಲ್ಲಿ ಹೊಸ ಅಂಗಿ. ಪೊಟ್ಟಣ ಬಿಚ್ಚಿದೆ, ಕಾಲರಿನ ರಟ್ಟು, ಟಾಚಣಿ ಹಾಗೆಯೇ ಇವೆ. ಅದರ ಮೇಲೆ ಒಂದು ಲಗ್ನಪತ್ರಿಕೆ, ಲಕೋಟೆಯ ಸಮೇತ. ಲಕೋಟೆಗೆ ಅಂಚೆಚೀಟಿ ಅಂಟಿಸಿದೆ, ಮುದ್ರೆ ಹುಬ್ಬಳ್ಳಿಯದು.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಹುಬ್ಬಳ್ಳಿಯಿಂದ ಗದಗಕ್ಕೆ ಬೆಳಿಗ್ಗೆ ಬಂದು ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದು. ಹತ್ತಿರದವರನ್ನು ಮನೆಗೇ ಬಂದು, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು ಕರೆಯುವುದು ನಮ್ಮ ಕಡೆಯ ಪದ್ಧತಿ. ಹೆತ್ತ ತಂದೆಗೆ ಅಂಚೆಯಲ್ಲಿ ಪತ್ರಿಕೆ ಬಂದಿದೆ. ಅಂಚೆಚೀಟಿ ಎಂಬ ಬೆರಳಗಲದ ಕಾಗದ ಏನು ಹೇಳುತ್ತಿದೆ ಎಂದು ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲಗ್ನಪತ್ರಿಕೆಯೊಳಗೂ ಕೆಂಪು ಗುರುತುಗಳಿವೆ. ‘ಆಶೀರ್ವಾದ’ದ ದೀರ್ಘ ಬಿಟ್ಟುಹೋಗಿತ್ತು, ತಿದ್ದಿದ್ದಾರೆ. ಕೊನೆಯಲ್ಲಿ ‘ಆಗಮನಾಭಿಲಾಷಿಗಳು’ ಎಂಬುದರ ಕೆಳಗೆ ಮನೆಯ ಹಿರಿಯರ ಹೆಸರುಗಳ ಸಾಲು. ಮೊದಲ ಹೆಸರಿಗೂ ಮುಂಚೆ ಒಂದು ಹಂಸಪಾದ ಹಾಕಿದ್ದಾರೆ, ಬಿಟ್ಟುಹೋದ ಪದವನ್ನು ಸೇರಿಸಬೇಕಾದಲ್ಲಿ ಹಾಕುವ ಗುರುತು. ಸೇರಿಸಬೇಕಾದ ಪದವನ್ನು ಮಾತ್ರ ಬರೆದಿಲ್ಲ.

ಮದುವೆಯ ದಿನಾಂಕವೂ, ಕೆಂಪು ತುಂಬಿದ ದಿನಪತ್ರಿಕೆಯ ದಿನಾಂಕವೂ ಒಂದೇ.

ಇದನ್ನು ನೋಡಿದವರಿಗೆ ನಿಜಕ್ಕೂ ಅರ್ಥವಾಗುತ್ತದೆಯೇ?

ಮೊದಲ ಸಲ ಆಗಿರಲಿಲ್ಲ. ಆಗ ಕೋಣೆಯಲ್ಲಿ ಇಟ್ಟಿಗೆ ಮೇಲಿನ ಮೇಜೂ ಇರಲಿಲ್ಲ, ಮಿಠಾಯಿ ಡಬ್ಬಿಯೂ ಇರಲಿಲ್ಲ. ಕೆಂಪು ಗುರುತುಗಳು, ಲಗ್ನಪತ್ರಿಕೆ, ಅಂಗಿ ಇಷ್ಟೇ. ಓದಿದ ಮೂವರಲ್ಲಿ ಮೂವರೂ ‘ನಿವೃತ್ತ ಮೇಷ್ಟ್ರು’ ಎಂದರು. ತಪ್ಪು ಅವರದಲ್ಲ. ಕೆಂಪು ಪೆನ್ನು ಕಂಡರೆ ಯಾರಿಗೂ ಶಾಲೆಯೇ ನೆನಪಾಗುವುದು.

ಇಂಥ ಸಂದರ್ಭದಲ್ಲಿ ಸುಳಿವನ್ನು ದೊಡ್ಡದು ಮಾಡಲು ಹೋಗಬಾರದು. ಗೋಡೆಗೆ ಅಚ್ಚುಕೂಟದ ಗುಂಪು ಫೋಟೊ ತೂಗುಹಾಕಿದ್ದರೆ ಸಮಸ್ಯೆ ಅಲ್ಲಿಗೇ ಮುಗಿಯುತ್ತಿತ್ತು, ಕೋಣೆಯೂ ಮುಗಿಯುತ್ತಿತ್ತು. ತಪ್ಪು ಊಹೆಗೆ ಒಗ್ಗದ ಇನ್ನೊಂದು ಸುಳಿವನ್ನು ಪಕ್ಕದಲ್ಲಿ ಇಡಬೇಕು. ಮೇಷ್ಟ್ರು ನಿಂತು ಕೆಲಸ ಮಾಡಲು ಮೇಜು ಎತ್ತರಿಸಿಕೊಳ್ಳುವುದಿಲ್ಲ. ಅಲ್ಲಿಗೆ ನೋಡುವವರು ತಮ್ಮ ಮೊದಲ ಊಹೆಯನ್ನು ತಾವೇ ಬಿಟ್ಟುಕೊಡುತ್ತಾರೆ, ಆಮೇಲೆ ‘ಳ’ ಕಂಡಾಗ ಹೊಳೆಯುತ್ತದೆ. ಹೀಗೆ ಒಮ್ಮೆ ತಪ್ಪಿ ಸರಿಹೋದ ಊಹೆಯನ್ನು ಅವರು ಮರೆಯುವುದಿಲ್ಲ.

ಪರೀಕ್ಷೆ ಮಾಡುವುದು ಸುಲಭ. ವಿಷಯ ಗೊತ್ತಿಲ್ಲದ ಮೂವರಿಗೆ ಬೇರೆ ಬೇರೆಯಾಗಿ ತೋರಿಸಿ ‘ಯಾರು? ಏನಾಯಿತು? ಯಾವುದನ್ನು ನೋಡಿ ಹೇಳಿದಿರಿ?’ ಎಂದು ಕೇಳಿ. ಮೂರನೆಯ ಪ್ರಶ್ನೆಯ ಉತ್ತರವೇ ನಿಮಗೆ ಬೇಕಾದದ್ದು. ಮೂವರೂ ಒಂದೇ ವಸ್ತುವನ್ನು ಹೆಸರಿಸಿದರೆ ಆ ವಸ್ತು ಕಿರುಚುತ್ತಿದೆ ಎಂದರ್ಥ, ಅದನ್ನು ಸ್ವಲ್ಪ ಹಿಂದೆ ಸರಿಸಿ. ಯಾರೂ ಹೆಸರಿಸದ ಸುಳಿವಿದ್ದರೆ ಅದರ ಜೋಡಿಯೊಂದನ್ನು ಬೇರೆಡೆ ಇಡಿ. ಮುಖ್ಯವಾದ ಯಾವ ಸಂಗತಿಯನ್ನೂ ಒಂದೇ ವಸ್ತುವಿನ ಮೇಲೆ ಹೊರಿಸಬಾರದು. ನೋಡುವವರ ಕಣ್ಣು ಎಲ್ಲಿ ಬೀಳುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ.

ಸಾಮಾನು ಎಷ್ಟಿರಬೇಕು?

ಗದಗಿನ ಕೋಣೆಯಲ್ಲಿ ಮಾತನಾಡುವ ವಸ್ತುಗಳು ಏಳು. ಉಳಿದ ಮೂವತ್ತು, ನಲವತ್ತು ಸುಮ್ಮನಿರಬೇಕು: ತಂಬಿಗೆ, ಸ್ಟೌ, ಬಾಚಣಿಗೆ, ನೀರಿನ ಕೊಡ, ಛತ್ರಿ. ಎಲ್ಲ ವಸ್ತುಗಳೂ ಅರ್ಥಪೂರ್ಣವಾಗಿರುವ ಕೋಣೆಯಲ್ಲಿ ಮನುಷ್ಯರು ವಾಸಿಸುವುದಿಲ್ಲ.

ತೋರಿಸಲು ಇಟ್ಟ ವಸ್ತುವಿಗೂ ತಾನಾಗಿ ಉಳಿದ ವಸ್ತುವಿಗೂ ಏನು ವ್ಯತ್ಯಾಸ?

ಬಹಳ ವ್ಯತ್ಯಾಸವಿದೆ. ಮನಃಶಾಸ್ತ್ರಜ್ಞ ಸ್ಯಾಮ್ ಗಾಸ್ಲಿಂಗ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಚೆನ್ನಾಗಿ ಬಿಡಿಸಿದೆ. ಅವರು ಅಪರಿಚಿತರನ್ನು ಜನರ ಮಲಗುವ ಕೋಣೆಗಳಿಗೂ ಕಚೇರಿಗಳಿಗೂ ಕಳುಹಿಸಿ, ಅಲ್ಲಿರುವವರ ಸ್ವಭಾವವನ್ನು ಜಾಗ ನೋಡಿಯೇ ಊಹಿಸಲು ಹೇಳಿದರು. ಕೋಣೆಯ ವಸ್ತುಗಳನ್ನು ಅವರು ಮುಖ್ಯವಾಗಿ ಎರಡು ಬಗೆಯಾಗಿ ಕಂಡರು. ‘ನಾನು ಇಂಥವನು’ ಎಂದು ಹೇಳಿಕೊಳ್ಳಲು ಇಟ್ಟವು ಒಂದು, ದಿನದಿನದ ನಡವಳಿಕೆಯ ಜಾಡಾಗಿ ಬಿದ್ದುಳಿದವು ಇನ್ನೊಂದು. ಗೋಡೆಯ ಪ್ರಶಸ್ತಿಫಲಕ ಮೊದಲನೆಯದು, ಸವೆದ ಗೋಣಿತಟ್ಟು ಎರಡನೆಯದು.

ಹೊಸದಾಗಿ ಬರೆಯುವವರು ಮೊದಲನೆಯ ಬಗೆಯನ್ನೇ ತುಂಬುತ್ತಾರೆ, ಏಕೆಂದರೆ ಅದನ್ನು ಯೋಚಿಸುವುದು ಸುಲಭ. ಕಥೆ ಹುಟ್ಟುವುದು ಎರಡೂ ಒಂದನ್ನೊಂದು ಒಪ್ಪದಿರುವಲ್ಲಿ. ಗದಗಿನ ಹಿರಿಯರ ಗೋಡೆಯ ಮೇಲೆ ನಾನು ಮಗನ ಕುಟುಂಬದ ಯಾವ ಫೋಟೊವನ್ನೂ ಇಟ್ಟಿಲ್ಲ. ಗೋಡೆ ‘ನನಗೆ ಯಾರೂ ಬೇಡ’ ಎನ್ನುತ್ತದೆ. ಬಾಗಿಲ ಹಿಂದಿನ ಕೈಚೀಲ ಬೇರೆಯದನ್ನು ಹೇಳುತ್ತದೆ.

ಅದೇ ಕಾರಣಕ್ಕೆ ಸೀಸದ ಮೊಳೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ನೆನಪಿನ ಕಾಣಿಕೆಯಾಗಿ ಇಡದೆ ಕಿಟಕಿ ಸಂದಿಗೆ ಸಿಕ್ಕಿಸಿದೆ. ನೆನಪಿಗೆಂದು ಇಟ್ಟಿದ್ದರೆ ಅವರು ಹಳೆಯ ಕೆಲಸಕ್ಕಾಗಿ ಹಂಬಲಿಸುವವರಾಗುತ್ತಿದ್ದರು. ಈಗ ಅವರು ಕೈಗೆ ಸಿಕ್ಕಿದ್ದನ್ನು ಬಳಸುವ ಮನುಷ್ಯ. ವಸ್ತು ಒಂದೇ, ಇಟ್ಟ ಜಾಗ ಬೇರೆ, ಮನುಷ್ಯರೇ ಬೇರೆ.

ಕೋಣೆ ಯಾವ ಕಾಲದ್ದು ಎಂದು ಹೇಳುವುದು ಹೇಗೆ? ಕ್ಯಾಲೆಂಡರ್ ಹಾಕಿದರೆ ಆಯಿತಲ್ಲ?

ಆಯಿತು, ಆದರೆ ಸೋಮಾರಿತನ. ಕಾಲವನ್ನು ಬೇರೆ ಕೆಲಸಕ್ಕಾಗಿ ಬಂದ ವಸ್ತುಗಳೇ ಹೇಳಲಿ. ಅಂಚೆಯ ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಹಾಗಾಗಿ ಮೊಹರಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದು, ಕೆಳಗೆ ಪಿನ್‌ಕೋಡ್ ಕೂಡ ಇರುವ ಮುದ್ರಿತ ಕಾಗದವೊಂದು ಕೋಣೆಯಲ್ಲಿದ್ದರೆ ಅದು ಆ ಹದಿನೈದು ತಿಂಗಳೊಳಗಿನದೇ ಇರಬೇಕು. ಇಲ್ಲವೇ ಹಳೆಯ ಕಾಗದ ಮುಗಿಯಲೆಂದು ಬಳಸುತ್ತಲೇ ಇದ್ದ ಜುಗ್ಗ ಗುಮಾಸ್ತನದು. ಎರಡನೆಯದೂ ಒಂದು ಪಾತ್ರವೇ. ನಾಲ್ಕಾಣೆ, ಅಂದರೆ 25 ಪೈಸೆಯ ನಾಣ್ಯ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು. ಅದರ ನಂತರದ ಕೋಣೆಯಲ್ಲಿ ಆ ನಾಣ್ಯಗಳ ಡಬ್ಬಿ ಇದ್ದರೆ ಅದು ಹಣವಲ್ಲ, ಯಾರೋ ಕೂಡಿಸಿಟ್ಟು ಬಳಸಲಾಗದೇ ಹೋದದ್ದು.

ಊರಿನ ಹೆಸರು ಬದಲಾದದ್ದನ್ನು ಸುಳಿವಾಗಿ ಬಳಸುವವರು ಒಂದು ಮಾತು ಗಮನಿಸಬೇಕು. 2014ರ ನವೆಂಬರ್ 1ರಂದು ಬದಲಾದದ್ದು ಬೆಂಗಳೂರು, ಹುಬ್ಬಳ್ಳಿ ಮುಂತಾದ ಊರುಗಳ ಇಂಗ್ಲಿಷ್ ಬರಹ. ಕನ್ನಡದಲ್ಲಿ ಅವು ಮೊದಲೂ ಹಾಗೆಯೇ ಇದ್ದವು. ಕನ್ನಡ ಫಲಕದಿಂದ ಈ ವರ್ಷವನ್ನು ತೋರಿಸಲಾಗದು.

ನಾನೂ ಎಡವಿದ್ದೇನೆ. 1968ರಲ್ಲಿ ನಡೆಯುವ ನಾಟಕವೊಂದಕ್ಕೆ ಸಜ್ಜಿಕೆ ಮಾಡಿದಾಗ ಮೇಜಿನ ಮೇಲೆ ಪಿನ್‌ಕೋಡಿನ ಆರು ಚೌಕಗಳಿದ್ದ ಇನ್‌ಲ್ಯಾಂಡ್ ಪತ್ರ ಇಟ್ಟಿದ್ದೆ. ನಾಟಕ ಮುಗಿದ ಮೇಲೆ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರು ವೇದಿಕೆ ಹತ್ತಿ ಬಂದು, ಆ ಪತ್ರವನ್ನು ಎತ್ತಿ ನನ್ನ ಕೈಗೆ ಕೊಟ್ಟು, ಏನೂ ಹೇಳದೆ ಇಳಿದುಹೋದರು.

ಕೋಣೆ ಎಷ್ಟು ಕೆದರಿರಬೇಕು?

ಕೆದರುವುದಕ್ಕೂ ಒಂದು ಕ್ರಮವಿದೆ. ಮೇಲಿರುವುದು ಇತ್ತೀಚಿನದು, ಅಡಿಯಲ್ಲಿರುವುದು ಹಳೆಯದು. ಧೂಳು ಎಲ್ಲೆಡೆ ಸಮನಾಗಿ ಕೂರುವುದಿಲ್ಲ. ಕೈ ಹೋಗುವ ದಾರಿಯಲ್ಲಿ ಇರುವುದಿಲ್ಲ. ಧೂಳು ಹಿಡಿದ ಕಪಾಟಿನ ಮೇಲೆ ಒಂದು ಚೌಕ ಜಾಗ ಮಾತ್ರ ಸ್ವಚ್ಛವಾಗಿದ್ದರೆ ಅಲ್ಲಿಂದ ಏನೋ ಹೋಗಿದೆ. ಯಾವುದು ಎಂದು ಹೇಳಲು ಕೋಣೆಯಲ್ಲಿ ಇನ್ನೊಂದು ಕಡೆ ಅದರ ಜೋಡಿ ಇರಲಿ: ರೇಡಿಯೊ ಹೋಗಿದ್ದರೆ ಅದರ ಹೊಲಿದ ಬಟ್ಟೆಯ ಗವಸು ಮಡಿಸಿಟ್ಟಿರಲಿ.

ಉರುಳಿದ ಕುರ್ಚಿ, ಒಡೆದ ಲೋಟ, ಅರ್ಧ ಹರಿದ ಫೋಟೊ, ಇವು ಮೂರನ್ನೂ ನಾನು ನನ್ನ ಅಭ್ಯಾಸಗಳಲ್ಲಿ ನಿಷೇಧಿಸಿದ್ದೇನೆ. ಜಗಳವಾದ ಮನೆಯಲ್ಲಿ ಅರ್ಧ ಗಂಟೆಯಲ್ಲಿ ಯಾರಾದರೂ ಕುರ್ಚಿ ಎತ್ತಿ ನಿಲ್ಲಿಸುತ್ತಾರೆ.

ಕಥೆಯಲ್ಲಿ ಬರೆದರೆ ಇದು ಸಾಮಾನಿನ ಪಟ್ಟಿಯಾಗುತ್ತದಲ್ಲ?

ಒಬ್ಬರು ಒಂದು ಕಾರಣಕ್ಕಾಗಿ ಒಳಗೆ ಬರುವಂತೆ ಮಾಡಿ. ಗದಗಿನ ಕೋಣೆಗೆ ಬಾಡಿಗೆ ಕೇಳಲು ಮನೆಯೊಡತಿ ಬರಲಿ. ಅವರಿಗೆ ಕುಳಿತುಕೊಳ್ಳಬೇಕು, ಕುರ್ಚಿಯಲ್ಲಿ ಬಟ್ಟೆ ಇದೆ. ಕಿಟಕಿ ತೆಗೆಯಬೇಕು, ಮೊಳೆ ಕೈಗೆ ಬರುತ್ತದೆ. ವಸ್ತುಗಳು ಆಕೆಯ ಅಡ್ಡಿಗಳಾಗಿ ಬಂದಾಗ ಪಟ್ಟಿ ಮಾಯವಾಗುತ್ತದೆ. ಹಂಸಪಾದದ ಅರ್ಥ ಆಕೆಗೆ ಗೊತ್ತಿರಬೇಕಾಗಿಲ್ಲ. ‘ಯಾಕೋ ಇಲ್ಲೊಂದು ಗೀರು ಹಾಕಿದ್ದಾರೆ’ ಎಂದುಕೊಂಡು ಪತ್ರಿಕೆ ಮಡಿಸಲಿ.

ರಂಗದ ಮೇಲೆ ಕಷ್ಟ ಬೇರೆ. ಹತ್ತನೆಯ ಸಾಲಿನವರಿಗೆ ಲಗ್ನಪತ್ರಿಕೆಯ ಗೀರು ಕಾಣುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಎತ್ತರದ ಮೇಜು, ಕುರ್ಚಿಯಿಲ್ಲದ ಜಾಗ, ನಟನ ನಿಲುವು. ಆಟದಲ್ಲಿ ಆಡುವವರು ಪತ್ರಿಕೆಯನ್ನು ಎತ್ತಿ ತಿರುಗಿಸಿ ಓದಬಹುದು. ಆದರೆ ಅವರು ಮಿಠಾಯಿ ಡಬ್ಬಿಯನ್ನು ಮೊದಲು ನೋಡುತ್ತಾರೋ ಕೈಚೀಲವನ್ನೋ ಎಂಬುದು ನಿಮಗೆ ಗೊತ್ತಿರುವುದಿಲ್ಲ. ಯಾವ ಕ್ರಮದಲ್ಲಿ ನೋಡಿದರೂ ಕೂಡಿಬರುವಂತೆ ಜೋಡಿಸಬೇಕು. ಮೂರರಲ್ಲಿ ಕಠಿಣವಾದದ್ದು ಇದೇ ಎನ್ನುವುದು ನನ್ನ ಅನಿಸಿಕೆ.

ಅಭ್ಯಾಸಕ್ಕೆ ಇನ್ನಷ್ಟು ಪ್ರಾಂಪ್ಟ್‌ಗಳನ್ನು ಕೊಡುವಿರಾ?

ಮೂರು ಕೊಡುತ್ತೇನೆ. ದಿನಚರಿ, ಪತ್ರ, ಗುಂಪು ಫೋಟೊ ಬಳಸುವಂತಿಲ್ಲ.

ಮಲ್ಪೆಯಲ್ಲಿ ಒಬ್ಬರ ಮನೆ. ಇಪ್ಪತ್ತು ವರ್ಷ ಮೀನುಗಾರಿಕೆ ದೋಣಿಯಲ್ಲಿದ್ದವರು, ಈಗ ಸಮುದ್ರಕ್ಕೆ ಇಳಿಯುವುದಿಲ್ಲ. ಅವರಿಗೆ ಬಲೆ ಹೆಣೆಯುವ ಗಂಟು ಇನ್ನೂ ಕೈಯಲ್ಲಿದೆ. ಅದು ಮನೆಯಲ್ಲಿ ಎಲ್ಲೆಲ್ಲಿ ಕಾಣುತ್ತದೆ? ಯಾಕೆ ಬಿಟ್ಟರು ಎಂಬುದನ್ನು ಕೋಣೆ ಹೇಳಬಾರದು.

ಬೆಂಗಳೂರಿನ ಒಂದು ಪಿಜಿ. ಮೂವರು ಹುಡುಗಿಯರ ಕೋಣೆ, ಒಬ್ಬಳು ಕಳೆದ ವಾರ ಬಿಟ್ಟುಹೋಗಿದ್ದಾಳೆ. ಉಳಿದಿಬ್ಬರಲ್ಲಿ ಒಬ್ಬಳಿಗೆ ಅವಳು ಮರಳುತ್ತಾಳೆ ಎಂಬ ನಂಬಿಕೆ, ಇನ್ನೊಬ್ಬಳಿಗಿಲ್ಲ. ಖಾಲಿ ಮಂಚದ ಮೇಲೆ ಯಾರ ಸಾಮಾನು ಎಷ್ಟು ದೂರ ಬಂದಿದೆ?

ಮೂರನೆಯದು, ಹಳ್ಳಿಯ ಹಿರಿಯ ಸೂಲಗಿತ್ತಿಯ ಅಡುಗೆಮನೆ. ಈಗ ಹೆರಿಗೆಗೆ ಎಲ್ಲರೂ ಆಸ್ಪತ್ರೆಗೇ ಹೋಗುತ್ತಾರೆ. ಆದರೂ ರಾತ್ರಿ ಮಲಗುವ ಮೊದಲು ಒಂದು ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ಒಲೆಯ ಮೇಲೆ ಇಡುವುದನ್ನು ಆಕೆ ಬಿಟ್ಟಿಲ್ಲ. ಮನೆಯಲ್ಲಿ ಇರುವವರು ಆಕೆಯೊಬ್ಬರೇ. ಇದನ್ನು ಹಗಲು ಹನ್ನೆರಡು ಗಂಟೆಗೆ, ಒಲೆ ಆರಿರುವಾಗ, ಪಾತ್ರೆ ಬೋರಲಾಗಿರುವಾಗ ತೋರಿಸಿ.